ಹತ್ತು ಕುರ್ತಿಗೆ ಎಷ್ಟು ಮೀಟರ್, ಒಂದಕ್ಕೆ ಎಷ್ಟು ರೂಪಾಯಿ? ಸಣ್ಣ ಬೊಟಿಕ್‌ನ ಪೂರ್ತಿ ಲೆಕ್ಕ

ಉಡುಪಿ, ಮಂಗಳೂರಿನ ಸಣ್ಣ ಬೊಟಿಕ್‌ಗಳಲ್ಲಿ ಬೆಲೆ ಹಾಕುವ ರೀತಿ ಹೆಚ್ಚಾಗಿ ಒಂದೇ ಥರ ಇರುತ್ತದೆ. ಎರಡೂವರೆ ಮೀಟರ್ ಬಟ್ಟೆಯ ದುಡ್ಡು, ಅದಕ್ಕೆ ಹೊಲಿಗೆ ಕೂಲಿ, ಮೇಲೆ ಇನ್ನೂರೋ ಮುನ್ನೂರೋ ಲಾಭ. ವರ್ಷದ ಕೊನೆಗೆ ಮಾರಾಟ ಚೆನ್ನಾಗಿಯೇ ಆಗಿರುತ್ತದೆ, ಕೈಯಲ್ಲಿ ಮಾತ್ರ ಏನೂ ಉಳಿದಿರುವುದಿಲ್ಲ. ದುಡ್ಡು ಸೋರುವುದು ಒಂದು ದೊಡ್ಡ ತೂತಿನಿಂದ ಅಲ್ಲ. ಬಟ್ಟೆ ಕುಗ್ಗಿದ್ದು, ಲೇಸಿನ ಎರಡನೇ ರೋಲು, ಅಂಗಡಿ ಬಾಡಿಗೆ, ಸೀಸನ್ ಕೊನೆಗೆ ಕಡಿಮೆ ಬೆಲೆಗೆ ಹೋದ ಮೂರು ಪೀಸು, ಹೀಗೆ ಬೇರೆ ಬೇರೆ ಕಡೆಯಿಂದ ಸೋರುತ್ತದೆ.

ಇಲ್ಲಿ ಒಂದೇ ಡಿಸೈನ್ ತೆಗೆದುಕೊಂಡು ಮೊದಲಿಂದ ಕೊನೆವರೆಗೆ ಲೆಕ್ಕ ಹಾಕೋಣ. ಪ್ರಿಂಟೆಡ್ ಕಾಟನ್‌ನ ನೇರ ಕಟ್ ಕುರ್ತಿ. ಉದ್ದ 44 ಇಂಚು, ಮುಕ್ಕಾಲು ತೋಳು, ಎರಡೂ ಬದಿ ಸ್ಲಿಟ್, ಮೈಗೆ ಲೈನಿಂಗ್ ಇದೆ, ತೋಳಿಗೆ ಇಲ್ಲ. ಎದುರು ಪಟ್ಟಿಗೆ ಐದು ಬಟನ್. ಮಾಡುವುದು ಹತ್ತು ಪೀಸು: ಎಂ ನಾಲ್ಕು, ಎಲ್ ಮೂರು, ಎಕ್ಸ್‌ಎಲ್ ಎರಡು, ಡಬಲ್ ಎಕ್ಸ್‌ಎಲ್ ಒಂದು. ಇಲ್ಲಿ ಕೊಟ್ಟಿರುವ ದರಗಳು ಉದಾಹರಣೆಗೆ ಮಾತ್ರ. ನಿಮ್ಮ ದರ ಹಾಕಿ, ಹೆಜ್ಜೆಗಳು ಇದೇ ಇರಲಿ.

ಮೊದಲು ಬಟ್ಟೆ ತೊಳೆದು ಅಳೆಯಿರಿ

ಥಾನಿನ ಮೇಲೆ 44 ಇಂಚು ಎಂದು ಬರೆದಿದ್ದರೆ ನಿಮಗೆ ಸಿಗುವುದು 44 ಅಲ್ಲ. ತೊಳೆದಾಗ ಅಗಲವೂ ಕುಗ್ಗುತ್ತದೆ, ಎರಡೂ ಅಂಚಿನ ದಪ್ಪ ಪಟ್ಟಿ ಹೊಲಿಗೆಗೆ ಬರುವುದಿಲ್ಲ. ನಮ್ಮ ಬಟ್ಟೆಯಲ್ಲಿ ತೊಳೆದು, ಇಸ್ತ್ರಿ ಹಾಕಿ, ಅಂಚು ಬಿಟ್ಟರೆ ಉಳಿದದ್ದು 42 ಇಂಚು ಎಂದುಕೊಳ್ಳೋಣ. ಮುಂದಿನ ಎಲ್ಲ ಲೆಕ್ಕವೂ ಈ 42ರ ಮೇಲೆಯೇ.

ಉದ್ದ ಎಷ್ಟು ಕುಗ್ಗುತ್ತದೆ ಎಂದು ತಿಳಿಯಲು ಥಾನಿನಿಂದ ಒಂದು ತುಂಡು ಕತ್ತರಿಸಿ. ಅದರ ನಡುವೆ 50 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಚೌಕ ಗುರುತು ಮಾಡಿ. ಗಿರಾಕಿ ಮನೆಯಲ್ಲಿ ಹೇಗೆ ತೊಳೆಯುತ್ತಾರೋ ಹಾಗೆ ತೊಳೆದು, ಪೂರ್ತಿ ಒಣಗಿಸಿ, ಇಸ್ತ್ರಿ ಹಾಕಿ ಮತ್ತೆ ಅಳೆಯಿರಿ. ಉದ್ದದಲ್ಲಿ 48 ಆಗಿದ್ದರೆ ಕುಗ್ಗಿದ್ದು ಶೇ. 4. ಅರ್ಧ ಒಣಗಿದ ಬಟ್ಟೆಯನ್ನು ಅಳೆದರೆ ಲೆಕ್ಕ ಸುಳ್ಳಾಗುತ್ತದೆ. ನಮ್ಮ ಕರಾವಳಿಯ ಜೂನ್, ಜುಲೈಯಲ್ಲಿ ಇದು ದೊಡ್ಡ ವಿಷಯ, ಯಾಕೆಂದರೆ ಮುಟ್ಟಿದರೆ ಒಣಗಿದಂತೆ ಕಾಣುವ ಕಾಟನ್‌ನಲ್ಲೂ ಆಗ ತೇವ ಉಳಿದಿರುತ್ತದೆ.

ಪ್ರತಿ ಹೊಸ ಥಾನಿಗೂ ಈ ಪರೀಕ್ಷೆ ಮಾಡಲೇಬೇಕು. ಅದೇ ಪ್ರಿಂಟು, ಅದೇ ಅಂಗಡಿ ಆದರೂ ಸರಿ, ಮಾಲು ಬೇರೆಯಾದರೆ ಕುಗ್ಗುವುದೂ ಬೇರೆ.

ಇನ್ನೊಂದು ಮಾತು. ಮಳೆಗಾಲದ ಮಾಲನ್ನು ಸಾಧ್ಯವಾದರೆ ಮೇ ತಿಂಗಳಲ್ಲೇ ತರಿಸಿ, ತೊಳೆದು, ಬಿಸಿಲಿಗೆ ಒಣಗಿಸಿ ಇಟ್ಟುಕೊಳ್ಳಿ. ಹೊಸ ಕಾಟನ್‌ನಲ್ಲಿ ಗಂಜಿ ಇರುತ್ತದೆ. ಆ ಗಂಜಿಯ ಸಮೇತ ಕಪಾಟಿನಲ್ಲಿಟ್ಟರೆ ನಮ್ಮ ಹವೆಗೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ. ಆ ಚುಕ್ಕೆ ಹೋಗುವುದು ಕಷ್ಟ. ಹೋಗದ ಬಟ್ಟೆ ನಿಮ್ಮ ಲೆಕ್ಕದಲ್ಲಿ ಪೂರ್ತಿ ನಷ್ಟ.

ಒಂದು ಕುರ್ತಿಗೆ ಎಷ್ಟು ಬೇಕು: ಕಾಗದದ ಮೇಲೆ ಇಟ್ಟು ನೋಡಿ

ಎಂ ಸೈಜಿನ ಮುಂದಿನ ಭಾಗದ ಅತಿ ಅಗಲದ ಜಾಗ 24 ಇಂಚು. ಇದರಲ್ಲಿ ಎರಡೂ ಬದಿಯ ಹೊಲಿಗೆ ಮತ್ತು ಸ್ಲಿಟ್ ಮಡಿಕೆ ಸೇರಿದೆ. ಉದ್ದ 46 ಇಂಚು: ಕುರ್ತಿಯ 44, ಭುಜದ ಹೊಲಿಗೆಗೆ ಅರ್ಧ ಇಂಚು, ಕೆಳಗಿನ ಮಡಿಕೆಗೆ ಒಂದೂವರೆ. ಹಿಂದಿನ ಭಾಗಕ್ಕೂ ಇಷ್ಟೇ.

ಎರಡು ಭಾಗ ಅಕ್ಕಪಕ್ಕ ಇಡಲು 48 ಇಂಚು ಅಗಲ ಬೇಕು, ನಮ್ಮಲ್ಲಿರುವುದು 42. ಹಾಗಾಗಿ ಒಂದರ ಕೆಳಗೆ ಒಂದು ಇಡಬೇಕು. 46 ಮತ್ತು 46 ಸೇರಿ 92 ಇಂಚು ಉದ್ದ. ಪಕ್ಕದಲ್ಲಿ 18 ಇಂಚು ಅಗಲದ ಪಟ್ಟಿ ಉಳಿಯುತ್ತದೆ. ಎಂ ಸೈಜಿನ ತೋಳಿಗೆ ಹೊಲಿಗೆ ಸೇರಿ 16 ಇಂಚು ಅಗಲ, 19 ಇಂಚು ಉದ್ದ ಬೇಕು. ಎರಡೂ ತೋಳು ಆ ಪಟ್ಟಿಯಲ್ಲೇ ಕೂರುತ್ತವೆ. ತೋಳಿಗೆ ಬೇರೆ ಬಟ್ಟೆ ಬೇಡ.

ಎಲ್ ಸೈಜಿಗೆ ಭಾಗದ ಅಗಲ 25, ಉಳಿಯುವ ಪಟ್ಟಿ 17, ತೋಳಿನ ಅಗಲ 16.5. ಕಷ್ಟಪಟ್ಟು ಕೂರುತ್ತದೆ.

ಎಕ್ಸ್‌ಎಲ್‌ಗೆ ಭಾಗ 26, ಪಟ್ಟಿ 16, ತೋಳು 17. ಕೂರುವುದಿಲ್ಲ! ಡಬಲ್ ಎಕ್ಸ್‌ಎಲ್‌ಗೆ ಭಾಗ 27, ಪಟ್ಟಿ 15, ತೋಳು 17.5. ಇಲ್ಲೂ ಅದೇ ಕಥೆ.

ಸೈಜ್ ಒಂದೊಂದು ಇಂಚು ಮಾತ್ರ ಹೆಚ್ಚಾಯಿತು, ಆದರೆ ಬಟ್ಟೆ ಒಂದೇ ಸಲಕ್ಕೆ 19 ಇಂಚು ಜಾಸ್ತಿ ಆಯಿತು. ಎಕ್ಸ್‌ಎಲ್ ಒಂದನ್ನೇ ಕತ್ತರಿಸಿದರೆ 92 ಇಂಚಿನ ಕೆಳಗೆ ಎರಡು ತೋಳನ್ನು ಅಕ್ಕಪಕ್ಕ ಇಡಬೇಕು, ಒಟ್ಟು 111 ಇಂಚು. "ಅಕ್ಕಾ, ಎಷ್ಟು ಮೀಟರ್ ತರಲಿ?" ಎಂದು ಗಿರಾಕಿ ಕೇಳಿದಾಗ ಎಲ್ಲರಿಗೂ ಎರಡೂವರೆ ಎಂದು ಹೇಳುವುದು ಇದೇ ಕಾರಣಕ್ಕೆ ತಪ್ಪು. ಈ 92, 111 ಇಂಚು ತೊಳೆದ ಬಟ್ಟೆಯ ಅಳತೆ. ತೊಳೆಯದ ಬಟ್ಟೆ ಎಷ್ಟು ಕೊಳ್ಳಬೇಕು ಎಂದು ತಿಳಿಯಲು ಹೀಗೆ ಭಾಗಿಸಿ:

```
ಕೊಳ್ಳುವ ಉದ್ದ = ಬೇಕಾದ ಉದ್ದ ÷ (1 − ಕುಗ್ಗುವ ಪ್ರಮಾಣ)
92 ÷ 0.96 = 95.8 ಇಂಚು = 2.43 ಮೀಟರ್
111 ÷ 0.96 = 115.6 ಇಂಚು = 2.94 ಮೀಟರ್
```

ಎಂ, ಎಲ್ ಆದರೆ ಎರಡೂವರೆ ಮೀಟರ್, ಎಕ್ಸ್‌ಎಲ್ ಮತ್ತು ಅದಕ್ಕಿಂತ ದೊಡ್ಡದಕ್ಕೆ ಮೂರು ಮೀಟರ್ ಎಂದು ಹೇಳಿ. ಮೀಟರ್ ಎಂದು ಒತ್ತಿ ಹೇಳಿ. ಹಳೆ ಅಂಗಡಿಗಳಲ್ಲಿ ಗಜದ ಮಾತು ಇನ್ನೂ ಇದೆ. ಎರಡೂವರೆ ಗಜ ಎಂದರೆ 2.29 ಮೀಟರ್ ಮಾತ್ರ, ಅದರಲ್ಲಿ ಈ ಕುರ್ತಿ ಆಗುವುದಿಲ್ಲ.

ಹತ್ತನ್ನು ಒಟ್ಟಿಗೆ ಕತ್ತರಿಸಿದರೆ ಲೆಕ್ಕ ಬದಲಾಗುತ್ತದೆ

ಈಗ ಎಂ ಸೈಜಿನ ಪಕ್ಕದ ಪಟ್ಟಿಯನ್ನು ಮತ್ತೆ ನೋಡಿ. 18 ಇಂಚು ಅಗಲ, 92 ಇಂಚು ಉದ್ದ. ಒಂದು ತೋಳು 19 ಇಂಚು ಉದ್ದ. ನಾಲ್ಕು ತೋಳಿಗೆ 76 ಇಂಚು ಸಾಕು. ಎಂ ಸೈಜಿಗೆ ತನ್ನದೇ ಎರಡು ತೋಳು ಹೋದರೂ ಇನ್ನೆರಡು ತೋಳಿಗೆ ಜಾಗ ಖಾಲಿ ಇದೆ. ಅಲ್ಲಿ 17 ಇಂಚಿನ ಎಕ್ಸ್‌ಎಲ್ ತೋಳೂ ಕೂರುತ್ತದೆ, 17.5 ಇಂಚಿನ ಡಬಲ್ ಎಕ್ಸ್‌ಎಲ್ ತೋಳೂ ಕೂರುತ್ತದೆ.

ನಮ್ಮ ಹತ್ತರಲ್ಲಿ ಎಂ ನಾಲ್ಕು ಇವೆ, ಎಂಟು ತೋಳಿನ ಜಾಗ ಖಾಲಿ. ದೊಡ್ಡ ಸೈಜುಗಳು ಮೂರು, ಬೇಕಾದದ್ದು ಆರು ತೋಳು. ಎಲ್ಲವೂ ಎಂ ಪಕ್ಕದಲ್ಲೇ ಮುಗಿಯುತ್ತವೆ. ಹಾಗಾಗಿ ಹತ್ತಕ್ಕೆ ಹತ್ತೂ ತಲಾ 92 ಇಂಚಿನಲ್ಲೇ ಆಗುತ್ತವೆ. ಮೂರು ದೊಡ್ಡ ಸೈಜನ್ನು ಬೇರೆ ದಿನ ಬೇರೆ ಕತ್ತರಿಸಿದ್ದರೆ 57 ಇಂಚು, ಅಂದರೆ ಕುಗ್ಗುವುದೂ ಸೇರಿ ಒಂದೂವರೆ ಮೀಟರ್ ಜಾಸ್ತಿ ಹೋಗುತ್ತಿತ್ತು.

ನಾನು ಕಲಿಸುವವರಿಗೆಲ್ಲ ಇದನ್ನೇ ಮೊದಲು ತೋರಿಸುತ್ತೇನೆ. ಒಂದು ಉಡುಪಿಗೆ ಎಷ್ಟು ಬಟ್ಟೆ ಎನ್ನುವುದು ಅದರ ಜೊತೆ ಇನ್ನೇನು ಕತ್ತರಿಸುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಸೈಜುಗಳ ಸಂಖ್ಯೆ ಮೊದಲೇ ತೀರ್ಮಾನ ಆಗಿರಬೇಕು. ಎಂ ಎರಡೇ ಇಟ್ಟು, ಎಲ್ ಮೂರು, ಎಕ್ಸ್‌ಎಲ್ ಮೂರು, ಡಬಲ್ ಎಕ್ಸ್‌ಎಲ್ ಎರಡು ಮಾಡಿದರೆ ಖಾಲಿ ಜಾಗ ನಾಲ್ಕು, ಬೇಕಾದ ತೋಳು ಹತ್ತು. ಮತ್ತೆ ಒಂದೂವರೆ ಮೀಟರ್ ಖರ್ಚು. ಅದು ತಪ್ಪಲ್ಲ, ನಿಮ್ಮ ಗಿರಾಕಿಗಳು ಆ ಸೈಜಿನವರೇ ಆಗಿದ್ದರೆ ಹಾಗೇ ಮಾಡಬೇಕು. ಲೆಕ್ಕದಲ್ಲಿ ಮಾತ್ರ ಬರೆದಿಡಿ.

ಕತ್ತರಿಸುವಾಗ ಎಂ ಸೈಜನ್ನು ಎರಡೆರಡು ಪದರವಾಗಿ ಹಾಸಿ. ಮೊದಲ ಎರಡು ಪದರದ ಪಟ್ಟಿಯಲ್ಲಿ ಎಕ್ಸ್‌ಎಲ್ ತೋಳಿನ ಜೋಡಿ ಗುರುತು ಹಾಕಿ, ಎರಡು ಜೋಡಿ ಬಂತು. ಇನ್ನೆರಡು ಪದರದಲ್ಲಿ ಡಬಲ್ ಎಕ್ಸ್‌ಎಲ್ ಜೋಡಿ. ಅಲ್ಲಿ ಒಂದು ಜೋಡಿ ಹೆಚ್ಚಾಗುತ್ತದೆ, ಆ ಬಟ್ಟೆ ಬಟನ್ ಪಟ್ಟಿಗೂ ಕುತ್ತಿಗೆಯ ಪಟ್ಟಿಗೂ ಬರುತ್ತದೆ. ಪದರಗಳೆಲ್ಲ ಮೇಲ್ಮುಖವಾಗಿಯೇ ಇರಲಿ. ಉದ್ದಕ್ಕೆ ಮಡಚಿ ಹಾಸಿದರೆ ಒಂದು ಪದರದಲ್ಲಿ ಪ್ರಿಂಟ್ ತಲೆಕೆಳಗಾಗುತ್ತದೆ. ಹೂವು, ಆನೆ, ಬಳ್ಳಿಯಂಥ ಒಂದೇ ದಿಕ್ಕಿನ ಪ್ರಿಂಟ್‌ನಲ್ಲಿ ಹಿಂದಿನ ಭಾಗ ತಲೆಕೆಳಗಾದ ಕುರ್ತಿಯನ್ನು ಯಾರೂ ಕೊಳ್ಳುವುದಿಲ್ಲ. ಮೇಲ್ಮುಖವಾಗಿ ಹಾಸುವಾಗ ಎಡ ತೋಳು, ಬಲ ತೋಳು ಬೇರೆ ಬೇರೆಯಾಗಿ ಗುರುತು ಹಾಕಬೇಕು. ಮರೆತರೆ ಎರಡೂ ಎಡ ತೋಳೇ ಆಗುತ್ತವೆ.

ದೊಡ್ಡ ಪ್ರಿಂಟ್ ಆಗಿದ್ದು, ಎದೆಯ ಮೇಲಿನ ಹೂವು ಎಲ್ಲ ಪೀಸಿನಲ್ಲೂ ಒಂದೇ ಜಾಗಕ್ಕೆ ಬರಬೇಕಾದರೆ ಇನ್ನೂ ಬಟ್ಟೆ ಬೇಕು. ಪ್ರಿಂಟ್ 8 ಇಂಚಿಗೊಮ್ಮೆ ಮರಳಿ ಬರುವುದಾದರೆ 46 ಇಂಚಿನ ಭಾಗ 48 ಇಂಚು ತೆಗೆದುಕೊಳ್ಳುತ್ತದೆ, ಯಾಕೆಂದರೆ ಮುಂದಿನ ಭಾಗ ಶುರುವಾಗಬೇಕಾದ್ದು ಹೊಸ ಹೂವಿನಿಂದ. ಒಂದು ಕುರ್ತಿಗೆ 4 ಇಂಚು ಜಾಸ್ತಿ. ನಮ್ಮ ಉದಾಹರಣೆಯಲ್ಲಿ ಸಣ್ಣ ಪ್ರಿಂಟ್ ಇದೆ, ಇದನ್ನು ಬಿಡೋಣ.

ಈಗ ಕೊಳ್ಳುವ ಲೆಕ್ಕ. ಹತ್ತಕ್ಕೆ 920 ಇಂಚು. 0.96ರಿಂದ ಭಾಗಿಸಿದರೆ 958 ಇಂಚು, ಅಂದರೆ 24.3 ಮೀಟರ್. ಹಾಸಿದ ಪದರದ ತುದಿಗಳು, ಥಾನಿನ ನಡುವಿನ ಜೋಡಣೆ, ಪ್ರಿಂಟ್ ಕೆಟ್ಟ ಜಾಗ, ಸಣ್ಣ ತೂತು, ಇವಕ್ಕೆಲ್ಲ ಶೇ. 4 ಸೇರಿಸಿದರೆ 25.3. ಕೊಳ್ಳುವುದು 25.5 ಮೀಟರ್.

ಬಟ್ಟೆಗೆ ಮೀಟರಿಗೆ ₹160, ಮೇಲೆ ಶೇ. 5 ಜಿಎಸ್‌ಟಿ, ಒಟ್ಟು ₹168. 25.5 ಮೀಟರಿಗೆ ₹4,284. ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದ ಪಾರ್ಸೆಲಿಗೆ ₹216. ಒಟ್ಟು ₹4,500, ಒಂದು ಕುರ್ತಿಗೆ ₹450. ಕುಗ್ಗುವುದನ್ನು ಸೇರಿಸದೆ, ಮೂಲ ದರ ಮಾತ್ರ ಹಿಡಿದು 92 ಇಂಚಿಗೆ ಲೆಕ್ಕ ಹಾಕಿದ್ದರೆ ₹374 ಎಂದು ಬರುತ್ತಿತ್ತು. ಅಲ್ಲೇ ₹76 ವ್ಯತ್ಯಾಸ.

ಉಳಿದ ಚೂರುಗಳ ಬೆಲೆಯನ್ನು ಇದರಿಂದ ಕಳೆಯಬೇಡಿ. ಅದರಿಂದ ಪೌಚ್, ಹೇರ್‌ಬ್ಯಾಂಡ್ ಮಾಡಿ ಮಾರಿದರೆ ಆ ದುಡ್ಡು ಬಂದಾಗ ಬರಲಿ. ಕುರ್ತಿ ತಾನು ತಿಂದ ಬಟ್ಟೆಯ ಬೆಲೆಯನ್ನು ತಾನೇ ಹೊರಬೇಕು.

58 ಇಂಚಿನ ಬಟ್ಟೆ ಸಿಕ್ಕರೆ ಏನು? ಬಳಸಲು 56 ಇಂಚು ಬಂದರೆ ಎರಡು ಭಾಗ ಅಕ್ಕಪಕ್ಕ ಕೂರುತ್ತವೆ, ಡಬಲ್ ಎಕ್ಸ್‌ಎಲ್ ಕೂಡ. ಕೆಳಗೆ ತೋಳು. ಒಟ್ಟು 65 ಇಂಚು, ಕುಗ್ಗುವುದು ಸೇರಿ 1.72 ಮೀಟರ್. 44 ಇಂಚಿನದ್ದು 2.43 ಮೀಟರಿಗೆ ₹408 ಆಗುತ್ತದೆ. ಆದ್ದರಿಂದ 58 ಇಂಚಿನ ಬಟ್ಟೆ ತೆರಿಗೆ ಸೇರಿ ಮೀಟರಿಗೆ ₹237ಕ್ಕಿಂತ ಕಡಿಮೆಗೆ ಸಿಕ್ಕರೆ ಅದೇ ಅಗ್ಗ. ಅಂಗಡಿಯಲ್ಲಿ ಮೀಟರಿನ ದರ ಮಾತ್ರ ನೋಡಿ 'ಇದು ಜಾಸ್ತಿ' ಎಂದು ಬಿಟ್ಟು ಬರಬಾರದು.

ಲೈನಿಂಗ್

ಲೈನಿಂಗ್‌ನ ಅಗಲ 36 ಇಂಚು. ಮೇಲಿನ ಬಟ್ಟೆಗಿಂತ ಆರು ಇಂಚು ಗಿಡ್ಡ, ಹಾಗಾಗಿ ಮಡಿಕೆ ಸೇರಿ ಪ್ರತಿ ಭಾಗಕ್ಕೆ 40 ಇಂಚು ಹಿಡಿಯೋಣ. ಎರಡಕ್ಕೆ 80. ತೆಳು ಕಾಟನ್ ಲೈನಿಂಗ್ ಮೇಲಿನ ಬಟ್ಟೆಗಿಂತ ಜಾಸ್ತಿ ಕುಗ್ಗುತ್ತದೆ. ಪರೀಕ್ಷೆಯಲ್ಲಿ ಶೇ. 5 ಬಂದರೆ 84 ಇಂಚು, ಅಂದರೆ 2.14 ಮೀಟರ್. ಹತ್ತಕ್ಕೆ 22 ಮೀಟರ್ ಕೊಳ್ಳಬೇಕು. ತೆರಿಗೆ ಸೇರಿ ₹63ರಂತೆ ₹1,386. ಒಂದಕ್ಕೆ ₹140 ಎಂದು ಬರೆಯಿರಿ.

ಲೈನಿಂಗ್ ತೊಳೆಯದೆ ಹೊಲಿದರೆ ಮೊದಲ ಒಗೆತದಲ್ಲೇ ಅದು ಒಳಗೆ ಎಳೆದುಕೊಂಡು ಮೇಲಿನ ಬಟ್ಟೆ ಉಬ್ಬುತ್ತದೆ. ಬದಿ ಹೊಲಿಗೆಯ ಉದ್ದಕ್ಕೂ ಸುಕ್ಕು ಕಂಡರೆ ಕಾರಣ ಹೆಚ್ಚಾಗಿ ಇದೇ. ಅಂಥ ಕುರ್ತಿ ವಾಪಸ್ ಬಂದರೆ ಬಿಚ್ಚಿ ಹೊಲಿಯಲು ಹೊಸದು ಹೊಲಿಯುವಷ್ಟೇ ಹೊತ್ತು ಬೇಕು.

ಲೇಸು, ಬಟನ್, ನೂಲು

ಸಣ್ಣ ಸಾಮಾನಿನ ಬೆಲೆ ಕಡಿಮೆ, ಆದರೆ ಅದು ಬೇಕಾದಷ್ಟೇ ಬಿಡಿಯಾಗಿ ಸಿಗುವುದಿಲ್ಲ. ಲೇಸನ್ನೇ ನೋಡಿ. ಎರಡು ತೋಳಿನ ಅಂಚಿಗೆ 24 ಇಂಚು, ಎದುರು ಪಟ್ಟಿಗೆ 14 ಇಂಚು, ಒಟ್ಟು 38. ಹತ್ತಕ್ಕೆ 380 ಇಂಚು, ಅಂದರೆ 9.65 ಮೀಟರ್. ರೋಲು ಬರುವುದು 9 ಮೀಟರಿನದ್ದು. ಅರವತ್ತೈದು ಸೆಂಟಿಮೀಟರಿಗಾಗಿ ಇನ್ನೊಂದು ರೋಲು ಕೊಳ್ಳಬೇಕು. ಆ ಎರಡನೇ ರೋಲು ಡಬ್ಬಿಯಲ್ಲಿ ಕೂತಿರುತ್ತದೆ, ಅದೇ ಬಣ್ಣ ಮತ್ತೆ ಬೇಕಾಗುತ್ತದೆ ಎನ್ನುವ ಖಾತ್ರಿ ಇಲ್ಲ.

ಎದುರು ಪಟ್ಟಿಯನ್ನು 14ರಿಂದ 10 ಇಂಚಿಗೆ ಇಳಿಸಿದರೆ ಒಟ್ಟು 8.64 ಮೀಟರ್. ಒಂದೇ ರೋಲಿನಲ್ಲಿ ಮುಗಿಯಿತು. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಡಿಸೈನ್ ತೀರ್ಮಾನ ಮಾಡುವ ಮೊದಲೇ ರೋಲಿನ ಅಳತೆ ಕೇಳಿಕೊಳ್ಳಿ. ರೋಲಿಗೆ ₹135 ಆದರೆ ಒಂದಕ್ಕೆ ₹13.50.

ನೂಲನ್ನು ಎಲ್ಲರೂ ಮರೆಯುತ್ತಾರೆ. ಸಾಮಾನ್ಯ ಹೊಲಿಗೆಯಲ್ಲಿ ಒಂದು ಮೀಟರ್ ಹೊಲಿದರೆ ಸುಮಾರು ಎರಡೂವರೆ ಮೀಟರ್ ನೂಲು ಹೋಗುತ್ತದೆ. ಮೂರು ನೂಲಿನ ಓವರ್‌ಲಾಕ್‌ಗೆ ಮೀಟರಿಗೆ ಸುಮಾರು 14 ಮೀಟರ್! ಹಾಗಾಗಿ ಓವರ್‌ಲಾಕ್‌ಗೆ ಸಣ್ಣ ರೀಲಿನ ನೂಲು ಹಾಕಬಾರದು, ದೊಡ್ಡ ಕೋನ್ ಬೇಕು. ಒಂದು ಕುರ್ತಿಗೆ ನೂಲಿಗೆ ₹12 ಇಡೋಣ. ಬಟನ್ ಐದು, ಗಿರಾಕಿಗೆ ಕೊಡಲು ಒಂದು ಹೆಚ್ಚುವರಿ, ಸೇರಿ ₹12. ಕುತ್ತಿಗೆ ಮತ್ತು ಪಟ್ಟಿಗೆ ಅಂಟಿಸುವ ಕ್ಯಾನ್ವಾಸಿಗೆ ₹6, ಲೇಬಲ್‌ಗೆ ₹5, ಟ್ಯಾಗ್ ಮತ್ತು ಕವರಿಗೆ ₹11.50. ಎಲ್ಲ ಸೇರಿ ₹60. ಉಡುಪಿಯಲ್ಲಿ ಬಣ್ಣ ಹೊಂದದೆ ಲೇಸಿಗಾಗಿ ಮಂಗಳೂರಿಗೆ ಹೋಗಬೇಕಾದರೆ ಬಸ್ ಚಾರ್ಜನ್ನೂ ಇಲ್ಲೇ ಬರೆಯಿರಿ.

ಕೂಲಿ: ಗಂಟೆಯ ನಿಜವಾದ ಬೆಲೆ

ಪೀಸಿನ ಲೆಕ್ಕದಲ್ಲಿ ಹೊರಗೆ ಹೊಲಿಸುವವರಿಗೆ ಇದು ಸುಲಭ, ಕೊಟ್ಟ ದರ ಬರೆದರಾಯಿತು. ಅಂಗಡಿಯಲ್ಲೇ ತಿಂಗಳ ಸಂಬಳಕ್ಕೆ ಟೈಲರ್ ಇದ್ದರೆ ಗಂಟೆಯ ಬೆಲೆ ಕಂಡುಹಿಡಿಯಬೇಕು.

ಸಂಬಳ ₹18,000. ಹಬ್ಬದ ಬೋನಸ್ಸು, ರಜೆ ಇತ್ಯಾದಿಯ ತಿಂಗಳ ಪಾಲು ₹1,200. ಒಟ್ಟು ₹19,200. 26 ದಿನ, ದಿನಕ್ಕೆ 8 ಗಂಟೆ ಎಂದರೆ 208 ಗಂಟೆ. ಆದರೆ ಅಷ್ಟು ಹೊತ್ತೂ ಹೊಲಿಗೆ ನಡೆಯುವುದಿಲ್ಲ. ಕರೆಂಟ್ ಹೋಗುತ್ತದೆ, ನೂಲು ಬದಲಿಸಬೇಕು, ಗಿರಾಕಿ ಬಂದರೆ ಟ್ರಯಲ್ ನೋಡಬೇಕು, ಹಳೆ ಉಡುಪು ಬಿಗಿ ಮಾಡಿ ಕೊಡಬೇಕು. ಹಾಗಾಗಿ ಮಾರಾಟಕ್ಕೆ ಬರುವ ಕೆಲಸ 160 ಗಂಟೆ ಎಂದು ಹಿಡಿಯೋಣ. ₹19,200 ಭಾಗಿಸು 160, ಗಂಟೆಗೆ ₹120. 208ರಿಂದ ಭಾಗಿಸಿದರೆ ₹92 ಬರುತ್ತದೆ, ಅದು ಕಾಗದದ ಮೇಲಿನ ಬೆಲೆ.

ಒಂದು ಕುರ್ತಿಗೆ ಎಷ್ಟು ಹೊತ್ತು ಎನ್ನುವುದನ್ನು ಊಹೆ ಮಾಡಬೇಡಿ, ಗಡಿಯಾರ ನೋಡಿ ಬರೆಯಿರಿ. ಮೊದಲ ಪೀಸಿನ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಯಾವಾಗಲೂ ನಿಧಾನ. ಮೂರನೆಯದೋ ನಾಲ್ಕನೆಯದೋ ನೋಡಿ. ನಮ್ಮ ಕುರ್ತಿಗೆ ಕಟಿಂಗ್ 20 ನಿಮಿಷ, ಹೊಲಿಗೆ 110, ಓವರ್‌ಲಾಕ್ 15, ಕಾಜ ಮತ್ತು ಬಟನ್ 15, ನೂಲು ತೆಗೆದು ಇಸ್ತ್ರಿ ಹಾಕಿ ಪರೀಕ್ಷಿಸಲು 20. ಒಟ್ಟು 180 ನಿಮಿಷ, ಮೂರು ಗಂಟೆ. ಕೂಲಿ ₹360.

ಕಟಿಂಗ್ ನೀವೇ ಮಾಡುತ್ತೀರಾ? ಆ 20 ನಿಮಿಷಕ್ಕೂ ದುಡ್ಡು ಬರೆಯಿರಿ. ನಾಳೆ ಕಟಿಂಗ್ ಮಾಸ್ಟರನ್ನು ಇಟ್ಟುಕೊಂಡರೆ ಅವರು ಸುಮ್ನೆ ಮಾಡಿಕೊಡುವುದಿಲ್ಲ ಅಲ್ವಾ?

ಅಂಗಡಿಯ ಖರ್ಚನ್ನು ಗಂಟೆಗೆ ಹಂಚಿ

ತಿಂಗಳಿಗೆ ಬಾಡಿಗೆ ₹10,000, ಮೆಸ್ಕಾಂ ಬಿಲ್ಲು ಮತ್ತು ಫೋನ್ ₹3,000, ಮೆಷಿನ್ ರಿಪೇರಿ ಮತ್ತು ಸವಕಳಿ ₹2,000, ಇತರೆ ₹2,000, ಅಂಗಡಿ ನಡೆಸುವುದಕ್ಕೆ ನಿಮ್ಮ ಸಂಬಳ ₹15,000. ಒಟ್ಟು ₹32,000. ಇಬ್ಬರು ಟೈಲರ್‌ಗಳ ಕೆಲಸ ತಿಂಗಳಿಗೆ 320 ಗಂಟೆ. ಗಂಟೆಗೆ ₹100. ಮೂರು ಗಂಟೆಯ ಕುರ್ತಿಗೆ ₹300.

ಪೀಸಿನ ಸಂಖ್ಯೆಯಿಂದ ಭಾಗಿಸುವವರೂ ಇದ್ದಾರೆ. ಅದು ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ಅರ್ಧ ಗಂಟೆಯ ಲಂಗಕ್ಕೂ ಎಂಟು ಗಂಟೆಯ ಡಿಸೈನರ್ ಬ್ಲೌಸಿಗೂ ಒಂದೇ ಬಾಡಿಗೆ ಬಿದ್ದರೆ ಲಂಗ ದುಬಾರಿ ಆಗಿ ಉಳಿಯುತ್ತದೆ, ಬ್ಲೌಸ್ ಅಗ್ಗವಾಗಿ ಹೋಗುತ್ತದೆ. ಗಂಟೆಯ ಲೆಕ್ಕದಲ್ಲಿ ಯಾವುದು ಎಷ್ಟು ಹೊತ್ತು ಅಂಗಡಿಯನ್ನು ಹಿಡಿದಿಟ್ಟಿತೋ ಅದು ಅಷ್ಟು ಕೊಡುತ್ತದೆ.

ಆಟಿ ತಿಂಗಳಲ್ಲಿ ನಮ್ಮ ಕಡೆ ಮದುವೆ ಇರುವುದಿಲ್ಲ, ಕೆಲಸ ಕಡಿಮೆ. ಆ ತಿಂಗಳ ಕಡಿಮೆ ಗಂಟೆಯಿಂದ ಭಾಗಿಸಿದರೆ ಬೆಲೆ ಏರುತ್ತದೆ. ಡಿಸೆಂಬರಿನಲ್ಲಿ ಕ್ರಿಸ್ಮಸ್, ಮದುವೆ ಎಂದು ಕೆಲಸ ತುಂಬಿರುತ್ತದೆ, ಬೆಲೆ ಇಳಿದಂತೆ ಕಾಣುತ್ತದೆ. ಎರಡೂ ಬೇಡ. ಇಡೀ ವರ್ಷದ ಖರ್ಚನ್ನು ಇಡೀ ವರ್ಷದ ಗಂಟೆಯಿಂದ ಭಾಗಿಸಿ ಒಂದೇ ದರ ಇಟ್ಟುಕೊಳ್ಳಿ.

ಈಗ ಮಾರುವ ಬೆಲೆ

ಬಟ್ಟೆ 450, ಲೈನಿಂಗ್ 140, ಸಣ್ಣ ಸಾಮಾನು 60, ಕೂಲಿ 360, ಅಂಗಡಿ ಖರ್ಚು 300. ಒಟ್ಟು ₹1,310. ಕೆಟ್ಟು ಹೋಗುವುದು, ರಿಪೇರಿಗೆ ವಾಪಸ್ ಬರುವುದು ಇದ್ದೇ ಇರುತ್ತದೆ, ಅದಕ್ಕೆ ₹40. ಒಂದು ಕುರ್ತಿಯ ಖರ್ಚು ₹1,350.

ಲಾಭ ಶೇ. 20 ಬೇಕು ಎಂದು 1,350ಕ್ಕೆ ಅದರ ಶೇ. 20 ಸೇರಿಸಿದರೆ ₹1,620. ಅದರಲ್ಲಿ ಲಾಭ ₹270, ಮಾರಿದ ಬೆಲೆಯ ಶೇ. 17 ಕೂಡ ಇಲ್ಲ. ಮಾರಿದ ಪ್ರತಿ ನೂರರಲ್ಲಿ ಇಪ್ಪತ್ತು ಉಳಿಯಬೇಕಾದರೆ 0.80ರಿಂದ ಭಾಗಿಸಬೇಕು: ₹1,687.

ಇಷ್ಟಕ್ಕೂ ಮುಗಿಯಲಿಲ್ಲ. ಹತ್ತೂ ಕುರ್ತಿ ಪೂರ್ತಿ ಬೆಲೆಗೆ ಹೋಗುವುದಿಲ್ಲ. ಏಳು ಪೂರ್ತಿ ಬೆಲೆಗೆ ಹೋಗುತ್ತವೆ, ಮೂರು ಸೀಸನ್ ಕೊನೆಗೆ ಶೇ. 30 ಕಡಿತದಲ್ಲಿ ಹೋಗುತ್ತವೆ ಎಂದುಕೊಳ್ಳೋಣ. ಆ ಮೂರರಿಂದ ಬರುವುದು 2.1 ಕುರ್ತಿಯ ಬೆಲೆ. ಹತ್ತು ಹೊಲಿದರೂ ಕೈಗೆ ಬರುವುದು 9.1 ಕುರ್ತಿಯ ದುಡ್ಡು.

```
ಹತ್ತರ ಖರ್ಚು           = 13,500
ಬರಬೇಕಾದ ಒಟ್ಟು ಹಣ    = 13,500 ÷ 0.80 = 16,875
ಒಂದರ ಬೆಲೆ            = 16,875 ÷ 9.1 = 1,854
```

₹1,850 ಎಂದು ಟ್ಯಾಗ್ ಹಾಕಿ. ಆರ್ಡರ್ ಮೇಲೆ ಹೊಲಿದು ಕೊಡುವುದಾದರೆ ಉಳಿಯುವ ಪೀಸಿನ ಭಯ ಇಲ್ಲ, 9.1ರ ಲೆಕ್ಕ ಬೇಡ. ಆದರೆ ಎಕ್ಸ್‌ಎಲ್ ಒಂದೇ ಆರ್ಡರ್ ಬಂದರೆ ಅರ್ಧ ಮೀಟರ್ ಜಾಸ್ತಿ, ₹84 ಖರ್ಚು ಸೇರಿಸಿ ಆಮೇಲೆ 0.80ರಿಂದ ಭಾಗಿಸಿ.

ಜಿಎಸ್‌ಟಿ ವಿಷಯ. ಕರ್ನಾಟಕದ ಒಳಗೆ ಬರೀ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಅಲ್ಲ. ಹಾಗಿದ್ದಾಗ ಬಟ್ಟೆಗೆ ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ, ಅದಕ್ಕೇ ನಾವು ಖರ್ಚಿನಲ್ಲೇ ಸೇರಿಸಿದ್ದು. ಗಿರಾಕಿ ತಂದ ಬಟ್ಟೆ ಹೊಲಿದು ಕೂಲಿ ಪಡೆಯುವುದು ಸೇವೆ, ಅದಕ್ಕೆ ಮಿತಿ 20 ಲಕ್ಷ. ಮುಂಬೈಯವರಿಗೆ, ಕಾಸರಗೋಡಿನವರಿಗೆ ಮಾರಿ ಕೊರಿಯರ್ ಮಾಡಿದರೆ 40 ಲಕ್ಷದ ಈ ರಿಯಾಯಿತಿ ನಡೆಯುವುದಿಲ್ಲ, ಮೊದಲೇ ನೋಂದಣಿ ಬೇಕು. ನೋಂದಣಿ ಆದವರು ಕೊಟ್ಟ ತೆರಿಗೆಯನ್ನು ಖರ್ಚಿನಿಂದ ತೆಗೆದು, ಮಾರುವ ಬೆಲೆಯ ಮೇಲೆ ತೆರಿಗೆ ಹಾಕಬೇಕು. 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸಿಗೆ ₹2,500ರ ತನಕದ ಉಡುಪಿಗೆ ಶೇ. 5, ಅದರ ಮೇಲೆ ಶೇ. 18. ₹2,500ರ ಕುರ್ತಿ ಗಿರಾಕಿಗೆ ₹2,625ಕ್ಕೆ ಸಿಗುತ್ತದೆ, ₹2,600ರದ್ದು ₹3,068 ಆಗುತ್ತದೆ. ನಿಮ್ಮ ಬೆಲೆ 2,500ರ ಸ್ವಲ್ಪ ಮೇಲೆ ಬಂದರೆ ಡಿಸೈನನ್ನು ಮತ್ತೆ ನೋಡುವುದು ಒಳ್ಳೆಯದು.

ಬೆಲೆ ಜಾಸ್ತಿ ಆಯಿತು ಅನ್ನಿಸಿದರೆ

ಪಕ್ಕದ ಅಂಗಡಿಯಲ್ಲಿ ಇಂಥದ್ದೇ ಕುರ್ತಿ ₹1,600ಕ್ಕೆ ಇದೆ ಎಂದುಕೊಳ್ಳಿ. ಎಲ್ಲರೂ ಮೊದಲು ಮಾಡುವುದು ಅಗ್ಗದ ಬಟ್ಟೆ ಹುಡುಕುವುದು. ಮೀಟರಿಗೆ ₹20 ಕಡಿಮೆಯ ಬಟ್ಟೆ ತಂದರೆ ಒಂದು ಕುರ್ತಿಗೆ ಉಳಿಯುವುದು ₹54. ಅದೇ ಬಟ್ಟೆ ಜಾಸ್ತಿ ಕುಗ್ಗಿದರೆ, ಬಣ್ಣ ಬಿಟ್ಟರೆ ಅದೂ ಹೋಯಿತು.

ನಮ್ಮ ಅಂಗಡಿಯಲ್ಲಿ ಒಂದು ಗಂಟೆ ಎಂದರೆ ಕೂಲಿ 120, ಖರ್ಚು 100, ಒಟ್ಟು ₹220. ಹದಿನೈದು ನಿಮಿಷಕ್ಕೆ ₹55. ಅಂದರೆ ಅಗ್ಗದ ಬಟ್ಟೆಯಿಂದ ಉಳಿಯುವುದನ್ನು ಹದಿನೈದು ನಿಮಿಷ ಉಳಿಸಿಯೂ ಪಡೆಯಬಹುದು, ಗಿರಾಕಿಗೆ ಸಿಗುವ ಬಟ್ಟೆ ಹಾಳಾಗದೆ. ಎದುರಿನ ಬಟನ್ ಪಟ್ಟಿಯನ್ನೇ ನೋಡಿ. ಕಾಜ, ಬಟನ್‌ಗೆ 15 ನಿಮಿಷ, ಪಟ್ಟಿ ಕೂರಿಸಲು ಇನ್ನೊಂದು 15. ಅರ್ಧ ಗಂಟೆ, ₹110. ಬಟನ್ನಿನ ₹12 ಬೇರೆ. ಪಟ್ಟಿ ತೆಗೆದು ಕುತ್ತಿಗೆಗೆ ಸಣ್ಣ ಸೀಳು, ಅದೇ ಬಟ್ಟೆಯ ಪೈಪಿಂಗ್ ಕೊಟ್ಟು ಅದಕ್ಕೆ 10 ನಿಮಿಷ ಹಿಡಿದರೂ ₹85ರಷ್ಟು ಖರ್ಚು ಇಳಿಯುತ್ತದೆ. ಟ್ಯಾಗಿನ ಬೆಲೆ ಸುಮಾರು ₹115 ಕಡಿಮೆ ಆಯಿತು. ಲೈನಿಂಗನ್ನು ಸೊಂಟದವರೆಗೆ ಮಾತ್ರ ಕೊಡುವುದು ಇನ್ನೊಂದು ದಾರಿ, ಆದರೆ ತೆಳು ಬಣ್ಣದ ಕಾಟನ್‌ಗೆ ನಾನು ಅದನ್ನು ಹೇಳುವುದಿಲ್ಲ, ಬೆಳಕಿಗೆ ಪಾರದರ್ಶಕ ಆಗುತ್ತದೆ.

ಮುಟ್ಟಬಾರದ್ದು ಕುಗ್ಗುವ ಲೆಕ್ಕ, ಬದಿಯ ಹೊಲಿಗೆ ಬಿಡುವ ಅಗಲ, ಮತ್ತು ಟೈಲರ್‌ನ ಕೂಲಿ. ಬದಿಯಲ್ಲಿ ಅರ್ಧ ಇಂಚು ಕಡಿಮೆ ಬಿಟ್ಟರೆ ಎರಡು ವರ್ಷದ ನಂತರ ಗಿರಾಕಿ ದೊಡ್ಡದು ಮಾಡಿಸಲು ಬಂದಾಗ ಒಳಗೆ ಬಟ್ಟೆಯೇ ಇರುವುದಿಲ್ಲ.

ಪ್ರತಿ ಡಿಸೈನಿಗೆ ಒಂದು ಕಾರ್ಡ್ ಇಡಿ. ಒಂದು ಬದಿಯಲ್ಲಿ ಮೇಲಿನ ಲೆಕ್ಕ. ಇನ್ನೊಂದು ಬದಿಯಲ್ಲಿ ನಿಜವಾಗಿ ಕತ್ತರಿಸಿದ ಮೀಟರ್, ಉಳಿದ ಲೇಸು, ಮೂರನೇ ಪೀಸಿಗೆ ಹಿಡಿದ ನಿಮಿಷ, ಪೂರ್ತಿ ಬೆಲೆಗೆ ಹೋದ ಸಂಖ್ಯೆ. ಬಟ್ಟೆಯ ಒಂದು ಚೂರನ್ನೂ ಅದಕ್ಕೆ ಪಿನ್ ಮಾಡಿ. ಬರೆದದ್ದಕ್ಕೂ ನಡೆದದ್ದಕ್ಕೂ ಬಟ್ಟೆಯಲ್ಲಿ ಅರ್ಧ ಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಟಿಂಗ್ ಮೇಜಿನಲ್ಲಿ ಹುಡುಕಿ. ಹೆಚ್ಚಾಗಿ ತೋಳುಗಳನ್ನು ಪಕ್ಕದ ಪಟ್ಟಿಯಲ್ಲಿ ಇಡದೆ ಕೆಳಗೆ ಇಟ್ಟಿರುತ್ತಾರೆ.